ಎಫ್‌ಡಿ ಮಾಡಿಸೋವಾಗ ಈ ಒಂದು ಟಿಕ್ ನೋಡ್ಕೊಳ್ಳಿ

ಡೊಂಬಿವಲಿ, ಠಾಣೆ ಕಡೆ ಇರೋ ನಮ್ಮವ್ರೆಲ್ಲ ಗಮನಿಸಿ, ದುಡ್ಡು ತುಂಬಾ ವರ್ಷ ಬೇಕಾಗಲ್ಲ ಅಂದ್ರೆ ಎಫ್‌ಡಿ ಫಾರಂನಲ್ಲಿ ಕ್ವಾರ್ಟರ್ಲಿ ಪೇಔಟ್ ಬಿಟ್ಟು ಕ್ಯುಮುಲೇಟಿವ್‌ಗೆ ಟಿಕ್ ಹಾಕಿ. 1 ಲಕ್ಷಕ್ಕೆ 7% ಅಂದ್ರೆ ಪೇಔಟ್‌ನಲ್ಲಿ ಮೂರು ತಿಂಗಳಿಗೊಮ್ಮೆ 1,750 ಸೇವಿಂಗ್ಸ್ ಖಾತೆಗೆ ಬರುತ್ತೆ, ಬಂದಿದ್ದು ಖರ್ಚಾಗೋಗುತ್ತೆ, ಅಸಲು ಮಾತ್ರ ಅಷ್ಟೇ ಇರುತ್ತೆ, ಅದು ಸರಳ ಬಡ್ಡಿ ಲೆಕ್ಕವೇ, 10 ವರ್ಷಕ್ಕೆ ಒಟ್ಟು 1,70,000. ಕ್ಯುಮುಲೇಟಿವ್‌ನಲ್ಲಿ ಆ 1,750 ಅಸಲಿಗೆ ಸೇರಿ ಮುಂದಿನ ಸಲ 1,01,750ಕ್ಕೆ ಬಡ್ಡಿ ಬೀಳುತ್ತೆ, ಹೀಗೇ ಹೋಗಿ 10 ವರ್ಷಕ್ಕೆ ಹೆಚ್ಚುಕಮ್ಮಿ 2 ಲಕ್ಷ. ಚಕ್ರಬಡ್ಡಿಗೆ ಟೈಮ್ ಬೇಕು, ಒಂದೇ ವರ್ಷಕ್ಕಾದ್ರೆ ವ್ಯತ್ಯಾಸ 186 ರೂಪಾಯಿ ಅಷ್ಟೇ. ಬಡ್ಡೀಲೇ ಮನೆ ನಡೆಸೋ ಹಿರಿಯರಿಗೆ ಪೇಔಟೇ ಸರಿ. ಇನ್ನೊಂದು, ಬಡ್ಡಿ ಕೈಗೆ ಬರದಿದ್ರೂ ಟಿಡಿಎಸ್ ಪ್ರತಿ ವರ್ಷ ಕಟ್ ಆಗ್ಬಹುದು, ಆಗ ಕೊನೆಗೆ ಸಿಗೋದು ಸ್ವಲ್ಪ ಕಮ್ಮಿ.