ಲೆಕ್ಕಕ್ಕೆ ಬರದೇ ಇದ್ದ ಕೆಲಸ

ಧಾರವಾಡದಲ್ಲಿ ನನ್ನದೊಂದು ಸಣ್ಣ ಖಡಕ್ ರೊಟ್ಟಿ ಕೇಂದ್ರ. ನನ್ನ ಜೊತೆ ಏಳು ಜನ ಹೆಂಗಸರು ಕೆಲಸ ಮಾಡುತ್ತಾರೆ. ಮಹಿಳಾ ದಿನಕ್ಕೆ ಪ್ರತಿವರ್ಷ ಎಲ್ಲರಿಗೂ ಸೀರೆ ಕೊಟ್ಟು ಒಂದು ಫೋಟೊ ತೆಗೆಸುತ್ತಿದ್ದೆ. ಈ ಸಲ ಅವರು ಮಾಡಿದ್ದೇನು ಅಂತ ಬರೆಯಬೇಕು ಅನ್ನಿಸಿತು. ಹೆಸರು ಹಾಕಬೇಡ ಅಂದಿದ್ದಾರೆ. ಹಾಗಾಗಿ ನಾವು ಕರೆಯುವ ಹಾಗೇ ಬರೆಯುತ್ತೇನೆ.

ದೊಡ್ಡವ್ವ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಗಿರಣಿಯಿಂದ ಹಿಟ್ಟು ಬಂದರೆ ಮೊದಲು ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟು ನೋಡುತ್ತಾರೆ. ಕಹಿ ಹತ್ತಿದರೆ ಆ ಹಿಟ್ಟು ಹಳೆಯದು. ಆಮೇಲೆ ಒಂದು ಮುಷ್ಟಿ ಹಿಟ್ಟಿಗೆ ಕುದಿಯುವ ಎಸರು ಹಾಕಿ, ನಾದಿ, ಒಂದೇ ಒಂದು ರೊಟ್ಟಿ ಬಡಿಯುತ್ತಾರೆ. ಗೋದಿಗೆ ಇರುವ ಅಂಟು ಜೋಳಕ್ಕೆ ಇಲ್ಲ. ಬಿಸಿ ಎಸರು ಬಿದ್ದಾಗಲೇ ಹಿಟ್ಟಿಗೆ ಜಿಗಿ ಬರುವುದು. ಹಳೇ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಬಿರಿಯುತ್ತದೆ.

ಒಮ್ಮೆ ಮದುವೆ ಮನೆಗೆ ಐನೂರು ರೊಟ್ಟಿ ಒಪ್ಪಿಕೊಂಡಿದ್ದೆ. ಬೆಳಿಗ್ಗೆ ದೊಡ್ಡವ್ವ ಒಂದು ರೊಟ್ಟಿ ಬಡಿದು ನೋಡಿ, "ಇದಕ್ಕ ಜಿಗಿ ಇಲ್ಲವ್ವ, ಇವತ್ತ ಬಡಿಯೂದು ಬ್ಯಾಡ" ಅಂದರು. ನನಗೆ ಸಿಟ್ಟು ಬಂತು. ಆದರೂ ಅವರ ಮಾತು ಕೇಳಿ ಹೊಸದಾಗಿ ಜೋಳ ಬೀಸಿಸಿಕೊಂಡು ಬಂದೆ. ರಾತ್ರಿ ಹತ್ತರವರೆಗೂ ಎಲ್ಲರೂ ಕೂತು ಬಡಿದರು. ಒಂದು ರೊಟ್ಟಿಯೂ ವಾಪಸ್ ಬರಲಿಲ್ಲ.

ಇನ್ನು ಅಕ್ಕ. ತವಾ ಕಾಯುವವರು ಇವರು. ಇವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಒಂದು ಮಳೆಗಾಲದಲ್ಲಿ ಅಂಗಡಿಯಿಂದ ನಲವತ್ತು ಪ್ಯಾಕೆಟ್ ವಾಪಸ್ ಬಂತು. ಎಲ್ಲದಕ್ಕೂ ಬೂಸ್ಟು. ಮಳೆ ತಂಪಿಗೆ ಹೀಗಾಗಿದೆ, ಪ್ಲಾಸ್ಟಿಕ್ ಕವರ್ ಇನ್ನೂ ದಪ್ಪದ್ದು ತರಬೇಕು ಅಂತ ನಾನು ಅಂದುಕೊಂಡೆ. ಅಕ್ಕ ಸುಮ್ನೆ ಕೂತು ಒಂದೊಂದೇ ರೊಟ್ಟಿ ಬಿಡಿಸಿ ನೋಡಿದರು. ಬೂಸ್ಟು ಶುರುವಾಗಿದ್ದು ಅಂಚಿನಲ್ಲಲ್ಲ, ನಡುವೆ. ಅವತ್ತಿನ ಹೊಸ ರೊಟ್ಟಿ ಒಂದನ್ನು ಮುರಿದು ತೋರಿಸಿದರು. ಅಂಚು ಟಕ್ ಅಂತ ಮುರಿಯಿತು, ನಡು ಬಾಗಿತು. ಬಡಿಯುವಾಗ ನಡು ದಪ್ಪ ಉಳಿದಿತ್ತು, ಒಳಗೆ ನೀರಿನ ಪಸೆ ಹೋಗಿರಲಿಲ್ಲ.

ಅದೊಂದೇ ಅಲ್ಲ. ಅವಸರಕ್ಕೆ ನಾವು ರೊಟ್ಟಿ ಪೂರ್ತಿ ಆರುವ ಮೊದಲೇ ಕವರ್‌ಗೆ ಹಾಕುತ್ತಿದ್ದೆವು. ಅಕ್ಕ ಎರಡು ಕವರ್ ತೆಗೆದುಕೊಂಡು, ಒಂದಕ್ಕೆ ಉಗುರು ಬೆಚ್ಚಗಿನ ರೊಟ್ಟಿ, ಇನ್ನೊಂದಕ್ಕೆ ತಣ್ಣಗಾದದ್ದು ಹಾಕಿ ಬಾಯಿ ಮುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಮೊದಲ ಕವರ್ ಒಳಗೆ ಮಂಜು ಕೂತಂತೆ ಸಣ್ಣ ಸಣ್ಣ ಹನಿ. ಎರಡನೆಯದು ಸ್ವಚ್ಛವಾಗಿತ್ತು. ದಪ್ಪ ಕವರ್ ತಂದಿದ್ದರೆ ಆ ಪಸೆ ಒಳಗೇ ಕೂತು ಇನ್ನೂ ಬೇಗ ಕೆಡುತ್ತಿತ್ತು, ಅಲ್ವಾ?

ಈಗ ನಮ್ಮಲ್ಲಿ ರೊಟ್ಟಿ ಬೆಂದ ಮೇಲೆ ಮತ್ತೊಮ್ಮೆ ಸಣ್ಣ ಉರಿಯ ತವಾ ಮೇಲೆ ಹಾಕುತ್ತೇವೆ. ಒಣ ಅರಿವೆಯಿಂದ ನಡುವೆ ಒತ್ತಿ ಒತ್ತಿ ಗರಿ ಮಾಡುತ್ತೇವೆ. ಆಮೇಲೆ ಬಿದಿರಿನ ಬುಟ್ಟಿಯಲ್ಲಿ ನಿಲ್ಲಿಸಿ ಆರಿಸುತ್ತೇವೆ. ಒಂದರ ಮೇಲೊಂದು ಪೇರಿಸುವುದಿಲ್ಲ. ಪ್ರತಿ ಬುಟ್ಟಿಯಿಂದ ಅಕ್ಕ ಒಂದು ರೊಟ್ಟಿ ತೆಗೆದು ನಟ್ಟನಡುವೆ ಮುರಿಯುತ್ತಾರೆ. ಬಾಗಿದರೆ ಆ ಬುಟ್ಟಿ ಪೂರ್ತಿ ತವಾಕ್ಕೆ ವಾಪಸ್. ಮಳೆ ಹಿಡಿದ ದಿನ ಇಷ್ಟಾದರೂ ಸಾಲದು. ಅಂಥ ದಿನ ಅವರು ಹೇಳಿದರೆ ನಾವು ಪ್ಯಾಕ್ ಮಾಡುವುದೇ ಇಲ್ಲ.

ಪ್ಯಾಕಿಂಗ್ ಮಾಡುವ ತಂಗಿ ಎಲ್ಲರಿಗಿಂತ ಚಿಕ್ಕವಳು. ಕಟ್ಟಿನ ಮೇಲೆ ಕೆಳಗೆ ರೊಟ್ಟಿಯ ಅಳತೆಗೇ ಕತ್ತರಿಸಿದ ರಟ್ಟು ಇಡೋಣ ಅಂದವಳು ಅವಳೇ. ಬಸ್ಸಿಗೆ ಹಾಕಿ ಕಳಿಸಿದ ರೊಟ್ಟಿ ಈಗ ಚೂರಾಗುವುದು ತುಂಬಾ ಕಡಿಮೆ.

ಇದನ್ನೆಲ್ಲ ಬರೆಯುವಾಗ ನನ್ನದೊಂದು ತಪ್ಪನ್ನೂ ಹೇಳಬೇಕು. ನಮ್ಮಲ್ಲಿ ಕೂಲಿ ರೊಟ್ಟಿ ಲೆಕ್ಕದ ಮೇಲೆ. ಎಷ್ಟು ಬಡಿದರೆ ಅಷ್ಟು ದುಡ್ಡು. ಹಿಟ್ಟು ನೋಡಿ ಬೇಡ ಅಂದಿದ್ದಕ್ಕೆ, ರೊಟ್ಟಿ ಮುರಿದು ನೋಡಿದ್ದಕ್ಕೆ ಲೆಕ್ಕವೇ ಇರಲಿಲ್ಲ. ದೊಡ್ಡವ್ವ ಕೆಲಸ ನಿಲ್ಲಿಸಿದ ದಿನ ಮಧ್ಯಾಹ್ನದವರೆಗೆ ಅವರ ಕೂಲಿಯೂ ನಿಂತಿತ್ತು. ನನ್ನ ಹೆಸರು ಉಳಿಸಲು ಅವರು ತಮ್ಮ ದುಡ್ಡು ಬಿಟ್ಟಿದ್ದರು. ಅದು ನನಗೆ ತಿಳಿದದ್ದು ವಾರದ ಕೊನೆಗೆ ಪುಸ್ತಕ ತೆಗೆದಾಗ.

ಈಗ ದೊಡ್ಡವ್ವ, ಅಕ್ಕ ಇಬ್ಬರಿಗೂ ದಿನದ ಪಗಾರ ಗೊತ್ತು ಮಾಡಿದ್ದೇನೆ. ರೊಟ್ಟಿ ಎಷ್ಟೇ ಆಗಲಿ, ಆಗದೇ ಇರಲಿ, ಅದು ಸಿಗುತ್ತದೆ. ಹಿಟ್ಟು ಸರಿಯಿಲ್ಲದೆ ಕೆಲಸ ನಿಂತರೆ ಉಳಿದವರಿಗೂ ಅರ್ಧ ದಿನದ ಕೂಲಿ ಉಂಟು. ಪುಸ್ತಕದಲ್ಲಿ ಅದಕ್ಕೊಂದು ಬೇರೆ ಸಾಲು ಹಾಕಿದ್ದೇನೆ.

ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಾ ಬಂತು. ವರ್ಷಕ್ಕಾಗುವಷ್ಟು ಚೀಲ ಕೊಳ್ಳುವ ಹೊತ್ತು. ನಾಳೆ ಸಂತೆಗೆ ದೊಡ್ಡವ್ವನೂ ನನ್ನ ಜೊತೆ ಬರುತ್ತಿದ್ದಾರೆ. ಯಾವ ರಾಶಿ ಅಂತ ಆರಿಸುವುದು ಅವರೇ.