ಭಿನ್ನರಾಶಿ ಹೋಲಿಕೆಗೆ ನಲವತ್ತು ನಿಮಿಷದ ಪಾಠ

ನಾಲ್ಕನೇ, ಐದನೇ ತರಗತಿಗೆ ಗಣಿತ ತೆಗೆದುಕೊಳ್ಳುವ ಶಿಕ್ಷಕ ಮಿತ್ರರೇ, 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಅನೇಕ ಮಕ್ಕಳು 1/4 ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಇದೊಂದನ್ನೇ ಸರಿಪಡಿಸಲು ಒಂದು ಪೂರ್ತಿ ಅವಧಿ ಕೊಡಿ.

ಹಿಂದಿನ ದಿನವೇ ಹಳೆಯ ಕಾಗದದಲ್ಲಿ 24 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿಡಿ, ಇಬ್ಬರಿಗೆ ಮೂರರಂತೆ. ತರಗತಿಯಲ್ಲಿ ಕತ್ತರಿಸಲು ಹೊರಟರೆ ಅರ್ಧ ಅವಧಿ ಅಲ್ಲಿಗೇ ಹೋಗುತ್ತದೆ.

ಮೊದಲ 5 ನಿಮಿಷ ಪ್ರಶ್ನೆ ಕೇಳಿ, ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಸರಿ, ತಪ್ಪು ಹೇಳಬೇಡಿ. ಮುಂದಿನ 12 ನಿಮಿಷ ಮಡಿಸುವ ಕೆಲಸ: ಒಂದು ಪಟ್ಟಿ ಎರಡು ಸಮಭಾಗ, ಒಂದು ಮೂರು, ಒಂದು ನಾಲ್ಕು. ಮೂರು ಭಾಗ ಮಾಡುವಾಗ ಮಕ್ಕಳು ಪರದಾಡುತ್ತಾರೆ. 8 ಮತ್ತು 16 ಸೆಂ.ಮೀ.ಗೆ ಸ್ಕೇಲಿನಿಂದ ಗುರುತು ಹಾಕಿಸಿ. ನಂತರ 10 ನಿಮಿಷ, ಪ್ರತಿ ಪಟ್ಟಿಯ ಒಂದು ಭಾಗಕ್ಕೆ ಬಣ್ಣ ಹಚ್ಚಿ, ಎಡತುದಿ ಸರಿಹೊಂದಿಸಿ ಒಂದರ ಕೆಳಗೊಂದು ಇಡಲಿ. ಭಾಗ ಹೆಚ್ಚಾದಷ್ಟೂ ತುಂಡು ಚಿಕ್ಕದಾಗುವುದನ್ನು ಅವರ ಬಾಯಲ್ಲೇ ಹೇಳಿಸಿ. 8 ನಿಮಿಷ ಪುಸ್ತಕದಲ್ಲಿ ಚಿತ್ರ ಬರೆಯಲು.

ಕೊನೆಯ 5 ನಿಮಿಷ ಪಟ್ಟಿಗಳನ್ನು ಎತ್ತಿಡಿಸಿ, 1/5 ಮತ್ತು 1/6 ಕೇಳಿ. ಇಲ್ಲಿ ತಪ್ಪಿದವರು ಪಟ್ಟಿ ನೋಡಿ ಹೇಳಿದ್ದರೇ ಹೊರತು ಕಾರಣ ಹಿಡಿದಿಲ್ಲ. ನಾಳೆ ಅವರ ಜೊತೆ ಮತ್ತೆ ಕೂರಬೇಕು.

ಬೇಗ ಮುಗಿಸಿದವರಿಗೆ 2/3 ಮತ್ತು 3/4 ಕೊಡಿ. ಉಳಿದ ಭಾಗ ನೋಡಲು ಹೇಳಿ: ಒಂದರಲ್ಲಿ 8 ಸೆಂ.ಮೀ. ಉಳಿದಿದೆ, ಇನ್ನೊಂದರಲ್ಲಿ 6. ಕಡಿಮೆ ಉಳಿದದ್ದೇ ದೊಡ್ಡದು.