ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಬರೆಯುವ ಪತ್ರ

ಕೊಪ್ಪಳದ ಕಡೆ ಸಂತಾಪ ಪತ್ರದಲ್ಲಿ ಹೆಚ್ಚಾಗಿ ಎಡವುವುದು ಒಂದು ಪದದಲ್ಲಿ. ಲಿಂಗಾಯತರ ಮನೆಗೆ ‘ಲಿಂಗೈಕ್ಯರಾದರು’ ಸರಿ. ಎಲ್ಲರಿಗೂ ಅದನ್ನೇ ಬರೆದರೆ ಹೊಂದದು. ಮನೆಯವರ ರೂಢಿ ತಿಳಿಯದಿದ್ದರೆ ‘ತೀರಿಕೊಂಡರು’ ಸಾಕು. ‘ನಾವು ಕ್ಷೇಮ’ ಎಂಬ ಆರಂಭ ಬೇಡ. ಪತ್ರ ಹಿರಿಯ ಮಗನ ಹೆಸರಿಗಿದ್ದರೂ ಮನೆಯಲ್ಲಿ ತಾಯಿ ಇದ್ದರೆ ಮೊದಲ ಮಾತು ಅವರಿಗೆ. ಬಹಳ ಮಂದಿ ಇದನ್ನು ಮರೆಯುತ್ತಾರೆ. ಆಮೇಲೆ ಒಂದು ನಿಜವಾದ ನೆನಪು, ಒಂದು ಖಚಿತ ಸಹಾಯ:

“ಅಮ್ಮಾರಿಗೂ ನಿಮಗೂ ನಮಸ್ಕಾರ. ಅಪ್ಪಾರು ತೀರಿಕೊಂಡದ್ದು ನಮ್ಮ ಮನೆಗೂ ನೋವು. ಸಂಜೆ ಕಟ್ಟೆ ಮೇಲೆ ಕುಳಿತು ನಮ್ಮ ಹುಡುಗರಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ನಾಳೆ, ನಾಡಿದ್ದು ಮಧ್ಯಾಹ್ನದ ರೊಟ್ಟಿ, ಪಲ್ಯ ನಮ್ಮ ಮನೆಯಿಂದ ಬರುತ್ತದೆ. ಎಷ್ಟು ಮಂದಿ ಇದ್ದೀರಿ, ಹೇಳಿ ಕಳಿಸಿ.”

‘ಏನಾದರೂ ಬೇಕಿದ್ದರೆ ಹೇಳಿ’ ಎಂದಷ್ಟೇ ಬರೆದರೆ ಸಂಕೋಚಕ್ಕೆ ಯಾರೂ ಕೇಳುವುದಿಲ್ಲ. ಆಸ್ಪತ್ರೆಯ ವಿಷಯವನ್ನಂತೂ ಎತ್ತಲೇಬೇಡಿ.